ಲಾಬಿ ರೆಂಡರ್‌ನಲ್ಲಿ ಕ್ಯಾಮೆರಾ ಮೇಲಕ್ಕೆ ವಾಲಿಸಬೇಡಿ, ಲೆನ್ಸ್ ಶಿಫ್ಟ್ ಮಾಡಿ

6 ಮೀಟರ್ ಎತ್ತರದ ಸೀಲಿಂಗ್ ಇರುವ ಹೋಟೆಲ್ ಲಾಬಿ ಅಂದ್ಕೊಳ್ಳಿ. ಕ್ಯಾಮೆರಾವನ್ನು 1.6 ಮೀಟರ್‌ನಲ್ಲಿ ಇಟ್ಟು, ಮಟ್ಟವಾಗಿಯೇ ಬಿಡಿ. ಸೀಲಿಂಗ್ ಕಾಣಿಸಲು ಟಿಲ್ಟ್ ಬೇಡ, ಕ್ಯಾಮೆರಾ ವಾಲಿಸದೆ ಫ್ರೇಮನ್ನಷ್ಟೇ ಮೇಲಕ್ಕೆ ಸರಿಸುವ ಲೆನ್ಸ್ ಶಿಫ್ಟ್ ಬಳಸಿ. ಬ್ಲೆಂಡರ್‌ನಲ್ಲಿ 16:9 ಫ್ರೇಮ್‌ಗೆ `Shift Y` 0.15 ಕೊಟ್ಟರೆ ಹೊರೈಜನ್ ಗೆರೆ ಕೆಳಗಿನ ಕಾಲು ಭಾಗಕ್ಕೆ ಇಳಿಯುತ್ತದೆ, ಫೀಚರ್ ವಾಲ್‌ನ ಅಂಚುಗಳು ನೆಟ್ಟಗೇ ಇರುತ್ತವೆ. ಕ್ಯಾಮೆರಾ ನಿಂತವರ ಕಣ್ಣಿನ ಎತ್ತರದಲ್ಲಿ ಇರುವುದರಿಂದ, ಹತ್ತಿರ ಇರಲಿ ದೂರ ಇರಲಿ, ನಿಂತ ಎಲ್ಲರ ಕಣ್ಣೂ ಅದೇ ಗೆರೆಯ ಆಸುಪಾಸಿನಲ್ಲಿ ಬರುತ್ತದೆ. 1.1 ಮೀಟರ್‌ನ ರಿಸೆಪ್ಷನ್ ಡೆಸ್ಕ್ ಗೆರೆಗಿಂತ ಕೆಳಗೇ ಉಳಿಯಬೇಕು. ಅದನ್ನೂ ದಾಟಿ ಮೇಲೆ ಬಂತು ಅಂದ್ರೆ ಮಾಡೆಲ್‌ನ ಅಳತೆಯೇ ತಪ್ಪಿದೆ, ಕ್ಯಾಮೆರಾದ್ದಲ್ಲ. ಲೈಟಿಂಗ್‌ನಲ್ಲೂ ಇದೇ ಎತ್ತರ ಕಾಪಾಡಿ: ಡೆಸ್ಕ್ ಮೇಲಿನ ಪೆಂಡೆಂಟ್ ಮತ್ತು ಫೀಚರ್ ವಾಲ್ ಬೆಳಗಲಿ, ಸೀಲಿಂಗ್‌ನ ಕೋವ್ ಲೈಟ್ ಮಂದವಿರಲಿ. ಕೋವ್ ಜಾಸ್ತಿ ಆದರೆ ಕಣ್ಣು ಸುಮ್ನೆ ಮೇಲಕ್ಕೇ ಹೋಗುತ್ತದೆ, ಡೆಸ್ಕ್ ಕಳೆದುಹೋಗುತ್ತದೆ. ವೈಡ್ ಲೆನ್ಸ್ ಜೊತೆ ಶಿಫ್ಟ್ ಅತಿಯಾದರೆ ಈ ಉಪಾಯ ಕೈಕೊಡುತ್ತದೆ. ಮೇಲಿನ ಮೂಲೆಯ ಗುಂಡು ದೀಪ ಮೊಟ್ಟೆಯಾಕಾರಕ್ಕೆ ಎಳೆದುಕೊಂಡರೆ ಅದೇ ಗುರುತು. ಆಗ ಕ್ಯಾಮೆರಾ ಹಿಂದಕ್ಕೆ ಸರಿಸಿ, ಇಲ್ಲವೇ ಫ್ರೇಮ್ ಉದ್ದಕ್ಕೆ ನಿಲ್ಲಿಸಿ.