ಆಪ್ತ ಗೆಳೆಯನಿಗೆ ತಮಾಷೆಯಾಗಿ ಥ್ಯಾಂಕ್ಸ್ ಹೇಳುವುದು ಹೇಗೆ?

ಹತ್ತಿರದ ಗೆಳೆಯನಿಗೆ ಬರೀ ‘ಥ್ಯಾಂಕ್ಸ್’ ಅಂತ ಮೆಸೇಜ್ ಕಳಿಸಿ ನೋಡಿ. ‘ಏನೋ, ಯಾವಾಗಿಂದ ಇಷ್ಟು ಫಾರ್ಮಲ್ಲು?’ ಅಂತ ಉತ್ತರ ಬರುತ್ತದೆ. ‘ಧನ್ಯವಾದಗಳು’ ಅಂದರೆ ಇನ್ನೂ ದೂರ, ಅದು ಸಭೆ ಮುಗಿಯುವಾಗ ಮೈಕಿನಲ್ಲಿ ಕೇಳುವ ಮಾತು. ಹಾಗಂತ ಏನೂ ಹೇಳದೇ ಇರುವುದಕ್ಕೂ ಮನಸ್ಸಾಗುವುದಿಲ್ಲ. ಅದಕ್ಕೇ ತಮಾಷೆ ಮಾಡುತ್ತೇವೆ. ಅಲ್ಲೇ ಎಡವುತ್ತೇವೆ ಕೂಡ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಬೆಂಗಳೂರಿನಲ್ಲಿ ಮನೆ ಬದಲಾಯಿಸಿದೆವು. ಹೊಸ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಶನಿವಾರ ರಜೆ ಹಾಕಿ ಬೆಳಿಗ್ಗೆ ಆರಕ್ಕೇ ಇಡ್ಲಿ ಪಾರ್ಸೆಲ್ ಹಿಡಿದು ಬಂದ ಗೆಳೆಯ ರಾತ್ರಿವರೆಗೂ ಸಾಮಾನು ಹೊತ್ತ. ಅಮ್ಮನ ಹಳೇ ಕಬ್ಬಿಣದ ಬೀರು ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಾಗ, ಕೆಳಗೆ ಹಳೇ ಬೆಡ್‌ಶೀಟ್ ಹಾಕಿ, ಬೀರುವನ್ನು ಓರೆ ಮಾಡಿ, ಅದನ್ನು ಮೇಲೆ ಹತ್ತಿಸಿದವನೂ ಅವನೇ. ಆ ರಾತ್ರಿ ನಾನು ಕಳಿಸಿದ ಮೆಸೇಜ್ ಇದು: ‘ಪ್ಯಾಕರ್ಸ್‌ನವರಿಗೆ ಕೊಡೋ ದುಡ್ಡು ಉಳೀತು ಗುರು, ಮುಂದಿನ ಸಲಾನೂ ನಿನ್ನೇ ಬುಕ್ ಮಾಡ್ತೀನಿ 😂’. ಅವನಿಂದ ಬಂದದ್ದು ಒಂದೇ ಪದ: ‘ಹ್ಮ್’.

ಅದರಲ್ಲಿ ತಪ್ಪೇನಿತ್ತು? ಅವನು ಗೆಳೆಯ ಅಂತ ಬಂದಿದ್ದ, ನನ್ನ ಜೋಕು ಅವನನ್ನು ಕೂಲಿಯವನನ್ನಾಗಿ ಮಾಡಿತು. ಅವನು ಮಾಡಿದ್ದಕ್ಕೆ ರೇಟು ಕಟ್ಟಿತು, ಅದೂ ಪುಕ್ಕಟೆ ಅಂತ. ಇಡೀ ಮೆಸೇಜಿನಲ್ಲಿ ಅವನು ಏನು ಮಾಡಿದ ಅನ್ನುವುದೇ ಇಲ್ಲ, ನನಗೆ ಏನು ಉಳಿಯಿತು ಅನ್ನುವುದಷ್ಟೇ ಇದೆ.

ಹಾಗಾಗಿ ಮೊದಲ ಹೆಜ್ಜೆ ಇದು. ಜೋಕಿನ ಯೋಚನೆ ಬಿಟ್ಟು, ಅವನು ಮಾಡಿದ ಒಂದೇ ಒಂದು ಕೆಲಸವನ್ನು ನೇರವಾಗಿ ಬರೆಯಿರಿ. ‘ಎಲ್ಲಾದಕ್ಕೂ ಥ್ಯಾಂಕ್ಸ್’ ಬೇಡ. ‘ಆ ತಿರುವಿನಲ್ಲಿ ನೀನು ಇಲ್ದೇ ಹೋಗಿದ್ರೆ ಬೀರು ಅಲ್ಲೇ ಬಿಟ್ಟು ಹೋಗ್ಬೇಕಾಗ್ತಿತ್ತು. ಅದು ಅಮ್ಮಂದು, ನಿಂಗೆ ಗೊತ್ತಲ್ಲ.’ ಇಷ್ಟು ಬರೆಯುವಾಗ ಸ್ವಲ್ಪ ನಾಚಿಕೆ ಆಗುತ್ತದೆ, ಅಳಿಸೋಣ ಅನ್ನಿಸುತ್ತದೆ. ಅಳಿಸಬೇಡಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಜನರಿಂದ ಇಂಥ ಕೃತಜ್ಞತೆಯ ಪತ್ರಗಳನ್ನು ಬರೆಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದುವವರಿಗೆ ಮುಜುಗರ ಆಗಬಹುದು ಅಂತ ಬರೆದವರು ಅಂದುಕೊಂಡಿದ್ದರು. ಅಷ್ಟೇನೂ ಆಗಿರಲಿಲ್ಲ. ಖುಷಿ ಮಾತ್ರ ಬರೆದವರು ಊಹಿಸಿದ್ದಕ್ಕಿಂತ ಜಾಸ್ತಿ ಆಗಿತ್ತು. ಅಂದರೆ ನಾಚಿಕೆ ನಮ್ಮ ಕಡೆಯದು, ಅದನ್ನು ಮುಚ್ಚಲು ಜೋಕು ಹಾಕುವ ಅಗತ್ಯ ಇಲ್ಲ.

ಆ ಸಾಲು ಕೈಯಲ್ಲಿದ್ದ ಮೇಲೆ ಜೋಕು ಹುಡುಕಿ. ಜೋಕು ಯಾರ ಮೇಲೆ ಬೀಳುತ್ತಿದೆ ಅಂತ ನೋಡುವುದು ಇಲ್ಲಿ ತುಂಬಾ ಮುಖ್ಯ. ಅವನ ದುಡ್ಡು, ಸಂಬಳ, ಹೊಟ್ಟೆ, ಏದುಸಿರು, ಅವನ ಹೆಂಡತಿ ರಜೆಗೆ ಒಪ್ಪಿದ್ದು, ಇದ್ಯಾವುದೂ ಬೇಡ. ಬೇರೆ ದಿನ ಅವನ ಹೊಟ್ಟೆ ನೋಡಿ ನೀವಿಬ್ಬರೂ ನಗುತ್ತೀರಿ, ನಿಜ. ಆದರೆ ಇವತ್ತು ಆ ಹೊಟ್ಟೆ ಹೊತ್ತುಕೊಂಡೇ ನಿಮ್ಮ ಬೀರುವನ್ನೂ ಹೊತ್ತಿದ್ದಾನೆ. ಜೋಕು ನಿಮ್ಮ ಮೇಲೆ ಬೀಳಲಿ, ಇಲ್ಲಾ ಆ ಬೀರುವಿನ ಮೇಲೆ ಬೀಳಲಿ. ಬೀರುವಿಗೆ ಬೇಜಾರಾಗುವುದಿಲ್ಲ. ಅದನ್ನು ನೀವಿಬ್ಬರೂ ಒಟ್ಟಿಗೆ ಬೈದಿದ್ದೀರಿ, ಹಾಗಾಗಿ ಅದರ ನೆನಪೇ ಅವನಿಗೆ ನಗು ತರುತ್ತದೆ. ‘ನಾನು ಬರೀ ಎಡಕ್ಕೆ, ಬಲಕ್ಕೆ ಅಂತ ಕೂಗಿದ್ದು, ಎತ್ತಿದ್ದೆಲ್ಲ ನೀನು’ ಅಂದರೂ ಚೆನ್ನ. ನಗುವೂ ಬರುತ್ತದೆ, ಕೆಲಸ ಯಾರದು ಅನ್ನುವುದೂ ಸ್ಪಷ್ಟವಾಗುತ್ತದೆ.

ಆದರೆ ನಿಮ್ಮನ್ನು ನೀವು ತೀರಾ ಕೀಳಾಗಿಸಿಕೊಳ್ಳಬೇಡಿ. ‘ನಾನೊಬ್ಬ ದಂಡಪಿಂಡ, ನಿನಗೆ ಯಾವಾಗಲೂ ತೊಂದರೆ’ ಅಂತ ಬರೆದರೆ ಪಾಪ ಅವನೇ ಕೂತು ನಿಮಗೆ ಸಮಾಧಾನ ಹೇಳಬೇಕಾಗುತ್ತದೆ.

ಇನ್ನು ಬರವಣಿಗೆಯ ತೊಂದರೆ. ಎದುರಿಗೆ ಹೇಳುವಾಗ ಮುಖದಲ್ಲಿ ನಗು ಕಾಣುತ್ತದೆ, ದನಿ ಕೇಳುತ್ತದೆ. ಮೆಸೇಜಿನಲ್ಲಿ ಎರಡೂ ಇಲ್ಲ. 2005ರಲ್ಲಿ ಜಸ್ಟಿನ್ ಕ್ರೂಗರ್, ಇದೇ ಎಪ್ಲಿ ಮತ್ತಿತರರು ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ವ್ಯಂಗ್ಯವೋ ಗಂಭೀರವೋ ಅನ್ನುವುದು ದನಿಯಲ್ಲಿ ಎಷ್ಟು ತಿಳಿಯುತ್ತದೋ ಇಮೇಲಿನಲ್ಲೂ ಅಷ್ಟೇ ತಿಳಿಯುತ್ತದೆ ಅಂತ ಕಳಿಸಿದವರು ನಂಬಿದ್ದರು. ಓದಿದವರಿಗೆ ಅಷ್ಟು ತಿಳಿಯಲಿಲ್ಲ. ನಾವು ಬರೆಯುವಾಗ ನಮ್ಮ ತಲೆಯಲ್ಲಿ ನಮ್ಮದೇ ದನಿ ಕೇಳುತ್ತಿರುತ್ತದೆ, ಅವನ ತಲೆಯಲ್ಲಿ ಅದು ಇರುವುದಿಲ್ಲ ಅಲ್ವಾ. ಅದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಬರೆದದ್ದರಿಂದ ಎಮೋಜಿ ತೆಗೆದು, ತುಂಬಾ ಸುಸ್ತಾಗಿರುವವನ ದನಿಯಲ್ಲಿ ಓದಿ. ಬೈದ ಹಾಗೆ ಕೇಳಿದರೆ ಬದಲಾಯಿಸಿ. ನನ್ನ ಮೆಸೇಜು ಈ ಪರೀಕ್ಷೆಯಲ್ಲಿ ಮೊದಲ ಸಾಲಿಗೇ ಬೀಳುತ್ತಿತ್ತು.

‘ತಾವು ದಯಮಾಡಿಸಿ ನಮ್ಮ ಬೀರುವನ್ನು ಉದ್ಧಾರ ಮಾಡಿದಿರಿ’ ಅಂತ ಬೇಕೆಂದೇ ಬಹುವಚನ ಹಾಕಿ ತಮಾಷೆ ಮಾಡುವವರಿದ್ದಾರೆ. ಎದುರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮೆಸೇಜಿನಲ್ಲಿ ಸ್ವಲ್ಪ ಹುಷಾರು, ಯಾಕೆಂದರೆ ನಾವು ಮುನಿಸಿಕೊಂಡಾಗಲೂ ‘ನೀನು’ ಬಿಟ್ಟು ‘ನೀವು’ ಅನ್ನುತ್ತೇವೆ. ನೀವು ದಿನಾ ಅವನನ್ನು ಹೇಗೆ ಕರೆಯುತ್ತೀರೋ, ಗುರು, ಮಾರಾಯ, ದೋಸ್ತ್, ಅದನ್ನೇ ಬಳಸಿ. ‘ಲೇ’ ಅಂತ ಕರೆದು ರೂಢಿ ಇಲ್ಲದವರು ಇವತ್ತು ಶುರು ಮಾಡಬೇಡಿ.

ಸಾಲುಗಳ ಜೋಡಣೆಯಲ್ಲಿ ಜೋಕು ಮುಂದೆ, ನೇರ ಮಾತು ಕೊನೆಗೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಉಲ್ಟಾ ಮಾಡಿದರೆ ಹೇಳಿದ ಒಳ್ಳೆಯ ಮಾತನ್ನು ನೀವೇ ವಾಪಸ್ ತೆಗೆದುಕೊಂಡ ಹಾಗಿರುತ್ತದೆ. ಜೋಕು ಒಂದೇ ಸಾಕು. ಗ್ರೂಪಿನಲ್ಲಿ ಹಾಕದೆ ಅವನೊಬ್ಬನಿಗೇ ಕಳಿಸಿ. ಗ್ರೂಪಿನಲ್ಲಿ ನಿಮ್ಮ ಮೆಲು ಜೋಕಿನ ಹಿಂದೆ ಇನ್ನೊಬ್ಬ ಒರಟು ಜೋಕು ಸೇರಿಸುತ್ತಾನೆ, ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಮತ್ತೆ, ಸಾವಿನ ಮನೆಯಲ್ಲಿ ಜೊತೆ ನಿಂತಿದ್ದಕ್ಕೆ ಅಥವಾ ಕಷ್ಟಕ್ಕೆ ಸಾಲ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳುವುದಾದರೆ ಜೋಕೇ ಬೇಡ. ಅದರಲ್ಲೂ ಸಾಲ ಇನ್ನೂ ತೀರಿಸಿಲ್ಲ ಅಂದರೆ ಖಂಡಿತ ಬೇಡ.

ಜೋಕು ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ? ಅವನ ಮಾಮೂಲಿ ಉತ್ತರಕ್ಕೆ ಹೋಲಿಸಿ. ತಿರುಗಿ ಕಾಲೆಳೆಯುವವನು ‘ಪರ್ವಾಗಿಲ್ಲ’ ಅಂತಲೋ ಬರೀ ಹೆಬ್ಬೆರಳೋ ಕಳಿಸಿದರೆ ಏನೋ ಚುಚ್ಚಿದೆ. ಆಗ ಅದನ್ನು ಡಿಲೀಟ್ ಮಾಡಲು ಹೋಗಬೇಡಿ. ವಾಟ್ಸ್ಆ್ಯಪ್‌ನಲ್ಲಿ ಅಳಿಸಿದ ಗುರುತು ಉಳಿಯುತ್ತದೆ, ಓದಿಯೂ ಆಗಿರುತ್ತದೆ. ‘ತಮಾಷೆಗೆ ಅಂದೆ ಕಣೋ’ ಅಂತಲೂ ಬರೆಯಬೇಡಿ, ಅದು ತಪ್ಪನ್ನು ಅವನ ಮೇಲೆ ಹಾಕುತ್ತದೆ. ಫೋನ್ ಮಾಡಿ.

ನಾನು ಮರುದಿನ ಸಂಜೆ ಮಾಡಿದೆ. ‘ನಿನ್ನೆ ದುಡ್ಡಿನ ಮಾತು ಆಡಬಾರದಿತ್ತು, ನೀನು ದುಡ್ಡಿಗೆ ಬಂದವನಲ್ಲ’ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದ. ‘ಬೆನ್ನು ಹಿಡ್ಕೊಂಡು ಮಲಗಿದ್ದೆ, ಅದು ನೋಡಿ ಒಂಥರಾ ಆಯ್ತು’ ಅಂದ. ಫೋನ್ ಇಟ್ಟ ಮೇಲೆ ಮೊದಲೇ ಕಳಿಸಬೇಕಿದ್ದ ಮೆಸೇಜನ್ನು ಕಳಿಸಿದೆ: ‘ಬೀರು ಒಳಗೆ ಬಂದಾಯ್ತು, ಇನ್ನು ನಾವು ಈ ಮನೆ ಬಿಡೋ ಹಾಗಿಲ್ಲ, ಓನರ್‌ಗೆ ನೀನೇ ಹೇಳ್ಬೇಕು. ಅಮ್ಮ ಬೆಳಿಗ್ಗೆ ಅದರಲ್ಲಿ ಸೀರೆ ಜೋಡಿಸಿಟ್ರು. ನೀನು ಬಂದಿದ್ದಕ್ಕೇ ಇದೆಲ್ಲ ಆಗಿದ್ದು ಗುರು.’

ಎರಡೇ ನಿಮಿಷಕ್ಕೆ ಉತ್ತರ ಬಂತು: ‘ಓನರ್‌ಗೆ ಹೇಳ್ತೀನಿ. ಮೊದ್ಲು ಅಮ್ಮನ ಕೈಲಿ ಒಂದು ಕಷಾಯ ಮಾಡಿಸಿ ಕಳ್ಸು.’