ಪಾಸ್‌ಪೋರ್ಟ್ ಅರ್ಜಿ ಕಳಿಸಿದ ಮೇಲೆ ತಪ್ಪು ಕಂಡರೆ ತಿದ್ದುವುದು ಹೇಗೆ?

ರಿಪ್ಪನ್‌ಪೇಟೆಯ ನನ್ನ ಸೋದರಮಾವನಿಗೆ ಮಗಳ ಬಾಣಂತನಕ್ಕೆ ವಿದೇಶಕ್ಕೆ ಹೋಗಬೇಕಿತ್ತು. ಪೇಟೆಯ ಸೈಬರ್ ಸೆಂಟರಿನಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದರು. ದುಡ್ಡು ಕಟ್ಟಿ, ಅಪಾಯಿಂಟ್‌ಮೆಂಟ್ ತಗೊಂಡು ಮನೆಗೆ ಬಂದು ಪ್ರಿಂಟ್ ನೋಡಿದರೆ ಹುಟ್ಟಿದ ದಿನ 10/07/1964 ಅಂತ ಇತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿದ್ದದ್ದು 07/10/1964. ದಿನ, ತಿಂಗಳು ಅದಲುಬದಲು.

ರಾತ್ರಿ ಒಂಬತ್ತಕ್ಕೆ ಫೋನ್ ಬಂತು. "ಮಾರಾಯ, ಎಲ್ಲಾ ಹಾಳಾಯ್ತು. ಅವನು ಇನ್ನೊಂದು ಅರ್ಜಿ ಹಾಕೋಣ ಅಂತಾನೆ. ಮತ್ತೆ ಸಾವಿರದೈನೂರು ಕೊಡಬೇಕಂತೆ."

"ಕೊಡಬೇಡಿ ಮಾವ. ಅದೇ ಅರ್ಜಿ ಇಟ್ಕೊಂಡು ಶಿವಮೊಗ್ಗಕ್ಕೆ ಹೋಗಿ. ಅಲ್ಲೇ ಸರಿ ಮಾಡ್ತಾರೆ" ಅಂದೆ.

ಈ ಒಂದು ವಿಷಯ ಗೊತ್ತಿಲ್ಲದೆ ಎರಡೆರಡು ಸಲ ಶುಲ್ಕ ಕಟ್ಟಿದವರನ್ನು ನಾನು ತುಂಬಾ ನೋಡಿದ್ದೇನೆ. ಒಮ್ಮೆ ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ. ಆದ್ದರಿಂದ ತಪ್ಪು ಕಂಡ ಕೂಡಲೇ ಮೊದಲು ನೋಡಬೇಕಾದದ್ದು, ನಿಮ್ಮ ಅರ್ಜಿ ಈಗ ಯಾವ ಹಂತದಲ್ಲಿದೆ ಅನ್ನುವುದನ್ನು.

ದುಡ್ಡು ಕಟ್ಟುವ ಮೊದಲು

ಅರ್ಜಿ ಕಳಿಸಿದ್ದೀರಿ, ಶುಲ್ಕ ಇನ್ನೂ ಕಟ್ಟಿಲ್ಲ ಅಂದರೆ ಚಿಂತೆಯೇ ಇಲ್ಲ. ಅದನ್ನು ಹಾಗೇ ಬಿಟ್ಟು ಹೊಸದೊಂದು ಅರ್ಜಿ ತುಂಬಿ, ಅದಕ್ಕೆ ದುಡ್ಡು ಕಟ್ಟಿ.

ದುಡ್ಡು ಕಟ್ಟಿದ ಮೇಲೆ, ಕೇಂದ್ರಕ್ಕೆ ಹೋಗುವ ಮೊದಲು

ಈಗ ಆನ್‌ಲೈನಿನಲ್ಲಿ ತಿದ್ದಲು ಬರುವುದಿಲ್ಲ. ಎಷ್ಟು ಸಲ ಲಾಗಿನ್ ಆದರೂ ಅರ್ಜಿ ಬರೀ ನೋಡಲಿಕ್ಕೆ ಸಿಗುತ್ತದೆ. ಆದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೊದಲ ಮೇಜಿನಲ್ಲಿ ಅದೇ ಅರ್ಜಿಯನ್ನು ತೆರೆದು, ನಿಮ್ಮ ಮೂಲ ದಾಖಲೆ ನೋಡಿ ತಿದ್ದುತ್ತಾರೆ. ಹೆಸರಿನ ಅಕ್ಷರ, ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ವಿಳಾಸ, ಪಿನ್‌ಕೋಡ್, ಎಲ್ಲವೂ ಅಲ್ಲಿ ಸರಿಯಾಗುತ್ತವೆ. ಅದಕ್ಕೆ ಬೇರೆ ಶುಲ್ಕ ಇಲ್ಲ.

ಹೊರಡುವ ಮೊದಲು ಒಂದು ಚೀಟಿ ಮಾಡಿಕೊಳ್ಳಿ. ಇದನ್ನು ಯಾರೂ ಕೇಳುವುದಿಲ್ಲ, ಆದರೂ ನಾನು ಎಲ್ಲರ ಹತ್ತಿರವೂ ಮಾಡಿಸುತ್ತೇನೆ. ಬಿಳಿ ಹಾಳೆಯ ಮೇಲೆ ಅರ್ಜಿಯ ಸಂಖ್ಯೆ ಬರೆಯಿರಿ. ಅದರ ಕೆಳಗೆ ಮಾವನಿಗೆ ಬರೆದುಕೊಟ್ಟಿದ್ದು ಹೀಗಿತ್ತು: "ಹುಟ್ಟಿದ ದಿನ. ಅರ್ಜಿಯಲ್ಲಿ 10/07/1964. ಆಗಬೇಕಾದದ್ದು 07/10/1964. ಆಧಾರ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್." ಎರಡು ತಪ್ಪಿದ್ದರೆ ಎರಡು ಸಾಲು. ಮೇಜಿನ ಮುಂದೆ ಕೂತಾಗ ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ, ಗಡಿಬಿಡಿಯಲ್ಲಿ ಹೇಳಬೇಕಾದದ್ದು ಮರೆತುಹೋಗುತ್ತದೆ. ಚೀಟಿ ಮುಂದಿಟ್ಟರೆ ಕೆಲಸ ಮಾಡುವವರಿಗೂ ಸುಲಭ.

ತಪ್ಪು ದಾಖಲೆ ಅಪ್‌ಲೋಡ್ ಆಗಿದ್ದರೂ ಇದೇ ದಾರಿ. ಗಂಡನ ಅರ್ಜಿಗೆ ಹೆಂಡತಿಯ ಮಾರ್ಕ್ಸ್ ಕಾರ್ಡ್ ಸೇರಿಸಿದವರಿದ್ದಾರೆ. ಕೇಂದ್ರದಲ್ಲಿ ಮೂಲ ದಾಖಲೆಗಳನ್ನು ನೋಡಿ ಸ್ಕ್ಯಾನ್ ಮಾಡುತ್ತಾರೆ, ಆಗ ಸರಿಯಾದದ್ದನ್ನು ಕೊಟ್ಟರಾಯಿತು. ಮೂಲ ದಾಖಲೆಯನ್ನೇ ಒಯ್ಯಬೇಕು, ಜೊತೆಗೆ ಸಹಿ ಹಾಕಿದ ಜೆರಾಕ್ಸ್. ಮೂಲ ಮನೆಯಲ್ಲಿ ಬಿಟ್ಟು ಬಂದರೆ ಅರ್ಜಿಯನ್ನು ತಡೆಹಿಡಿದು ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ಹೊಸನಗರ, ಸಾಗರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರಿಗೆ ಅಂದರೆ ಇನ್ನೊಂದು ದಿನ ಪೂರ್ತಿ ಹೋಯಿತು. ಸರಿಯಾದ ದಾಖಲೆ ಕೈಗೆ ಬರಲು ತಡವಾಗುತ್ತದೆ ಅನಿಸಿದರೆ ಅಪಾಯಿಂಟ್‌ಮೆಂಟನ್ನೇ ಮುಂದೂಡಿ. ವರ್ಷದೊಳಗೆ ಮೂರು ಸಲ ಮಾತ್ರ ಅದಕ್ಕೆ ಅವಕಾಶ, ಸುಮ್ನೆ ಖರ್ಚು ಮಾಡಬೇಡಿ.

ಮಾರ್ಕ್ಸ್ ಕಾರ್ಡಿಗೆ ದಪ್ಪ ಲ್ಯಾಮಿನೇಶನ್ ಮಾಡಿಸಬೇಡಿ ಅಂತಲೂ ಇಲ್ಲೇ ಹೇಳಿಬಿಡುತ್ತೇನೆ. ಸ್ಕ್ಯಾನ್ ಮಾಡುವಾಗ ಬೆಳಕು ಹೊಡೆದು ದಿನಾಂಕದ ಜಾಗವೇ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಅಂಚು ಬಿಟ್ಟರೆ ಒಳಗೆ ತೇವ ಹೋಗಿ ಕಾಗದ ಅಂಟಿಕೊಳ್ಳುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಸಾಕು.

ಮೇಜಿನಲ್ಲಿ ಸರಿಯಾಗದ ತಪ್ಪುಗಳೂ ಇವೆ. ಒಂದು, ದಾಖಲೆಗಳೇ ಒಂದಕ್ಕೊಂದು ಹೊಂದದೇ ಇರುವುದು. ನಮ್ಮ ಕಡೆಯ ಹಿರಿಯರಲ್ಲಿ ಇದು ಜಾಸ್ತಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡಿರುತ್ತಾರೆ, ಆಧಾರಿನಲ್ಲಿ ಮನೆಯವರು ಹೇಳಿದ ಬೇರೆ ದಿನ ಇರುತ್ತದೆ. ಇದನ್ನು ಮೊದಲು ಆಧಾರ್ ಕೇಂದ್ರದಲ್ಲಿ ಸರಿಮಾಡಿಸಿಕೊಂಡೇ ಪಾಸ್‌ಪೋರ್ಟಿಗೆ ಹೋಗಿ. ಆಧಾರಿನಲ್ಲಿ ಹುಟ್ಟಿದ ದಿನವನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಬಹುದು, ಅದನ್ನು ನೆನಪಿಟ್ಟುಕೊಂಡು ಮಾಡಿಸಿ. ಇನ್ನೊಂದು, ಹಳೆಯ ಪಾಸ್‌ಪೋರ್ಟ್ ಇದ್ದೂ ಹೊಸದು ಅಂತ ಅರ್ಜಿ ಹಾಕಿರುವುದು. ಇದು ಅಕ್ಷರದ ತಪ್ಪಲ್ಲ, ಅರ್ಜಿಯ ಬಗೆಯೇ ಬೇರೆ. ಮರುವಿತರಣೆಗೆ ಹೊಸದಾಗಿ ಅರ್ಜಿ ಹಾಕಿ. ಹಳೆಯದನ್ನು ಮುಚ್ಚಿಟ್ಟರೆ 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅದು ಅಪರಾಧ.

ಮೊದಲ ಮೇಜಿನ ಪರದೆ

ಜನ ಎಡವುವುದು ಇಲ್ಲೇ. ಫೋಟೋ ತೆಗೆದು, ಬೆರಳಚ್ಚು ತಗೊಂಡು, ಕಾಗದ ಸ್ಕ್ಯಾನ್ ಮಾಡಿದ ಮೇಲೆ ನಿಮ್ಮ ಕಡೆಗಿರುವ ಪರದೆಯಲ್ಲಿ ಅರ್ಜಿಯ ವಿವರ ತೋರಿಸಿ "ಎಲ್ಲಾ ಸರಿ ಇದೆಯಾ ನೋಡಿ" ಅನ್ನುತ್ತಾರೆ. ಹೆಚ್ಚಿನವರು ಫೋಟೋ ಹೇಗೆ ಬಂದಿದೆ ಅಂತ ನೋಡಿ ಹೂಂ ಅಂದುಬಿಡುತ್ತಾರೆ. ನೀವು ಅಲ್ಲಿ ಒಪ್ಪಿದ ವಿವರವೇ ಮುಂದಕ್ಕೆ ಹೋಗುತ್ತದೆ. ಹೇಳಿಸಿದ ತಿದ್ದುಪಡಿ ನಿಜವಾಗಿ ಆಗಿದೆಯೋ ಇಲ್ಲವೋ ಅಂತ ಕಣ್ಣಾರೆ ನೋಡಲು ಇರುವ ಸಮಯವೂ ಇದೇ.

ಕೂತ ಕೂಡಲೇ, ಸ್ಕ್ಯಾನ್ ಶುರುವಾಗುವ ಮೊದಲೇ ಚೀಟಿ ಕೊಡಿ. "ಅರ್ಜಿಯಲ್ಲಿ ಒಂದು ತಪ್ಪಾಗಿದೆ, ತಿದ್ದಬೇಕು, ದಾಖಲೆ ಇಲ್ಲಿದೆ" ಅಂದರೆ ಸಾಕು, ಹೇಗಾಯಿತು ಅಂತ ಕಥೆ ಹೇಳುವುದು ಬೇಡ. ಪರದೆ ತೋರಿಸಿದಾಗ ಮಾರ್ಕ್ಸ್ ಕಾರ್ಡನ್ನು ಕೈಯಲ್ಲಿ ಹಿಡಿದುಕೊಳ್ಳಿ. ನೆನಪಿನಿಂದ ಓದಬೇಡಿ. ನಮ್ಮ ಹೆಸರು ನಮಗೆ ಎಷ್ಟು ಪರಿಚಯ ಅಂದರೆ, ಒಂದು ಅಕ್ಷರ ಬಿಟ್ಟುಹೋಗಿದ್ದರೂ ಕಣ್ಣು ತಾನೇ ತುಂಬಿಕೊಂಡು ಓದುತ್ತದೆ. ಕಾರ್ಡಿನ ಒಂದು ಅಕ್ಷರ, ಪರದೆಯ ಒಂದು ಅಕ್ಷರ ಅಂತ ಬೆರಳಿಟ್ಟು ನೋಡಿ.

ಹುಟ್ಟಿದ ದಿನವನ್ನು ಅಂಕಿಯಲ್ಲಿ ಓದಬೇಡಿ, ಬಾಯಿಬಿಟ್ಟು ತಿಂಗಳ ಹೆಸರು ಹೇಳಿ. ಮಾವನಿಗೆ ನಾನು ಹೇಳಿಕೊಟ್ಟದ್ದು ಇದನ್ನೇ. "ಏಳು, ಹತ್ತು" ಅಂದರೆ ತಪ್ಪೂ ಸರಿಯಂತೆ ಕೇಳುತ್ತದೆ. "ಏಳನೇ ತಾರೀಕು, ಅಕ್ಟೋಬರ್" ಅಂದರೆ ಅದಲುಬದಲಾದದ್ದು ಕೂಡಲೇ ಗೊತ್ತಾಗುತ್ತದೆ. ತಾರೀಕು 12ರ ಮೇಲಿದ್ದರೆ ಕಂಪ್ಯೂಟರೇ ಈ ತಪ್ಪನ್ನು ಒಪ್ಪುವುದಿಲ್ಲ. 12ರ ಒಳಗಿದ್ದರೆ ಎರಡೂ ಸರಿಯಾದ ದಿನಾಂಕವೇ, ಆದ್ದರಿಂದ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ.

ಆಮೇಲೆ ವಿಳಾಸ. ಅದರ ಕೆಳಗೆ ಪೊಲೀಸ್ ಠಾಣೆಯ ಹೆಸರಿರುತ್ತದೆ, ಅದನ್ನು ಬಿಡಲೇಬೇಡಿ. ಮಲೆನಾಡಿನಲ್ಲಿ ತಾಲ್ಲೂಕು ಒಂದೇ ಆದರೂ ಠಾಣೆ ಬೇರೆ ಇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ನಿಮ್ಮ ಊರು ಆಗುಂಬೆ ಠಾಣೆಗೋ ಮಾಳೂರು ಠಾಣೆಗೋ ಸೇರಿರಬಹುದು, ಸೈಬರಿನವರು ಗೊತ್ತಿಲ್ಲದೆ ತೀರ್ಥಹಳ್ಳಿ ಅಂತ ಹಾಕಿರುತ್ತಾರೆ. ಆಗ ಪರಿಶೀಲನೆಯ ಕಾಗದ ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆಯುತ್ತದೆ. ಊರಿನ ಠಾಣೆ ಯಾವುದು ಅಂತ ಮನೆಯಿಂದ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ.

ಜಿಲ್ಲೆಯ ಹೆಸರು Shimoga ಅಂತ ಇದ್ದರೆ ಗಾಬರಿ ಬೇಡ. 2014ರ ನವೆಂಬರ್ 1ಕ್ಕೆ ಹೆಸರು Shivamogga ಆಯಿತು, ಹಳೆಯ ದಾಖಲೆಗಳಲ್ಲಿ ಹಳೆಯದೇ ಉಳಿದಿದೆ. ನಿಮ್ಮ ಹೆಸರಿನ ಇನಿಶಿಯಲ್ ಮಾತ್ರ ಗಮನಿಸಿ. ಎಚ್.ಕೆ. ಅಂತ ಎರಡಕ್ಷರದಲ್ಲಿ ಬರೆಯದೆ ಬಿಡಿಸಿ ಬರೆಯಬೇಕು, ದಾಖಲೆಯಲ್ಲಿ ಹೇಗೆ ಬಿಡಿಸಿದೆಯೋ ಹಾಗೆ.

ಇಂಗ್ಲಿಷ್ ಓದಲು ಬಾರದವರಿಗೆ, ವಯಸ್ಸಾದವರಿಗೆ ಜೊತೆಗೊಬ್ಬರನ್ನು ಒಳಗೆ ಬಿಡುತ್ತಾರೆ. ಬಾಗಿಲಲ್ಲೇ ಕೇಳಿ.

ಮಾವ ಪರದೆ ನೋಡಿದಾಗ ದಿನಾಂಕ ಸರಿಯಾಗಿತ್ತು. ಬೆರಳಿಟ್ಟು ಓದುತ್ತಾ ಹೋದಾಗ ಇನ್ನೊಂದು ಸಿಕ್ಕಿತು: ಅತ್ತೆಯ ಹೆಸರಿನಲ್ಲಿ ಒಂದು ಅಕ್ಷರ ಕಡಿಮೆ. ಪ್ರಿಂಟಿನಲ್ಲಿ ಅದನ್ನು ನಾವಿಬ್ಬರೂ ನೋಡಿರಲಿಲ್ಲ. ಹೇಳಿದರು, ಆಧಾರ್ ತೋರಿಸಿದರು, ಅಲ್ಲೇ ತಿದ್ದಿದರು.

ಹೊರಗೆ ಬಂದ ಮೇಲೆ

ಹೊರಡುವಾಗ ಕೊಡುವ ಸ್ವೀಕೃತಿ ಪತ್ರದಲ್ಲಿ ಫೈಲ್ ಸಂಖ್ಯೆ ಇರುತ್ತದೆ. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಓದಬೇಡಿ, ಕೇಂದ್ರದ ಬಾಗಿಲಲ್ಲೇ ಓದಿ. ಅಲ್ಲಿ ತಪ್ಪು ಕಂಡರೆ ಹತ್ತು ಹೆಜ್ಜೆ ವಾಪಸ್ ನಡೆದು ಹೇಳಬಹುದು. ಒಂದೆರಡು ದಿನ ಬಿಟ್ಟು ಕಂಡರೆ ಆ ಮೇಜಿನವರ ಕೈಯಲ್ಲಿ ಏನೂ ಇರುವುದಿಲ್ಲ, ಫೈಲು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಹೋಗಿರುತ್ತದೆ. ಕೋರಮಂಗಲದಲ್ಲಿರುವ ಆ ಕಚೇರಿಗೆ ಫೈಲ್ ಸಂಖ್ಯೆ, ತಪ್ಪು, ಸರಿ, ದಾಖಲೆಯ ಪ್ರತಿ ಸೇರಿಸಿ ಪತ್ರ ಬರೆಯಬೇಕು. ಇಲ್ಲವೇ ಅರ್ಜಿ ಹಾಕಿದ ವೆಬ್‌ಸೈಟಿನಲ್ಲೇ ವಿಚಾರಣೆಯ ಅಪಾಯಿಂಟ್‌ಮೆಂಟ್ ತಗೊಂಡು ಹೋಗಬೇಕು. ಮೊದಲು 1800-258-1800ಕ್ಕೆ ಫೋನ್ ಮಾಡಿ ಫೈಲು ಎಲ್ಲಿದೆ ಅಂತ ಕೇಳಿಕೊಳ್ಳಿ, ಆ ಕರೆಗೆ ದುಡ್ಡಿಲ್ಲ.

ಇದೆಲ್ಲಾ ನಡೆಯಬೇಕಾದರೆ ಲಾಗಿನ್ ನಿಮ್ಮದೇ ಇರಬೇಕು. ಸೈಬರಿನವರು ಬೇಗ ಆಗಲಿ ಅಂತ ತಮ್ಮ ಇಮೇಲ್, ತಮ್ಮ ಮೊಬೈಲ್ ಹಾಕಿಬಿಡುತ್ತಾರೆ. ಆಮೇಲೆ ಅಪಾಯಿಂಟ್‌ಮೆಂಟ್ ಮುಂದೂಡಬೇಕಾದರೂ ಅವರ ಅಂಗಡಿ ಬಾಗಿಲು ಕಾಯಬೇಕು. ಇಮೇಲ್ ನಿಮ್ಮದೇ ಕೊಡಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ವಿಳಾಸ passportindia.gov.in ಒಂದೇ. ಹುಡುಕಿದಾಗ ಮೇಲೆ ಬರುವ, ಜಾಸ್ತಿ ದುಡ್ಡು ಕೇಳುವ ಬೇರೆ ಸೈಟುಗಳು ಸರ್ಕಾರದವಲ್ಲ.

ಸ್ಪೀಡ್ ಪೋಸ್ಟಿನಲ್ಲಿ ಪಾಸ್‌ಪೋರ್ಟ್ ಬಂದ ದಿನ ಸ್ವೀಕೃತಿ ಪತ್ರವನ್ನು ಪಕ್ಕದಲ್ಲಿಟ್ಟು ಮೊದಲ ಪುಟ, ಕೊನೆಯ ಪುಟ ಓದಿ. ಪತ್ರದಲ್ಲಿ ಸರಿಯಿದ್ದು ಪುಸ್ತಕದಲ್ಲಿ ತಪ್ಪಿದ್ದರೆ ಎರಡನ್ನೂ ಕಚೇರಿಗೆ ಒಯ್ದು ತೋರಿಸಿ. ಎರಡರಲ್ಲೂ ತಪ್ಪಿದ್ದರೆ ಉಳಿದದ್ದು ಮರುವಿತರಣೆಯ ಅರ್ಜಿಯೊಂದೇ. ಅದರಲ್ಲಿ ಕಾರಣ ಕೇಳುವ ಕಡೆ Change in Existing Personal Particulars ಆರಿಸಿ.