ದುಡಿಕೊಟ್ಟ್ ಪಾಟಿಗೆ ನಾಲ್ಕು ಮೈಕ್: ಮಾನಿಟರ್ ಹೌಲಿಂಗ್ ತೆಗೆಯುವ ನನ್ನ ಕ್ರಮ

ಕೊಡವರ ಹಾಡಾದ ದುಡಿಕೊಟ್ಟ್ ಪಾಟಿಗೆ ನಾಲ್ವರು ಸಾಲಾಗಿ ನಿಂತು ಇಬ್ಬಿಬ್ಬರಾಗಿ ಹಾಡುತ್ತಾರೆ. ಒಂದು ಕೈಯಲ್ಲಿ ದುಡಿ, ಇನ್ನೊಂದರಲ್ಲಿ ಕೋಲು. ಮೈಕ್ ಹಿಡಿಯಲು ಕೈಯೇ ಖಾಲಿ ಇಲ್ಲದ ಕಾರಣ ನಾಲ್ಕೂ ಮೈಕ್ ಸ್ಟ್ಯಾಂಡಿನ ಮೇಲೆಯೇ ಇರಬೇಕು, ಹಾಡು ಮುಗಿಯುವವರೆಗೂ ನಾಲ್ಕೂ ಆನ್ ಆಗಿರಬೇಕು. ದುಡಿಯ ಸದ್ದಿನ ನಡುವೆ ತಮ್ಮ ಸ್ವರ ತಮಗೆ ಕೇಳದೆ ಅವರು ಎದುರಿಗಿಟ್ಟ ಮಾನಿಟರ್ ಬಾಕ್ಸಿನ ಸದ್ದು ಜಾಸ್ತಿ ಮಾಡಿ ಅನ್ನುತ್ತಾರೆ, ಜಾಸ್ತಿ ಮಾಡಿದೊಡನೆ ಹೌಲಿಂಗ್, ಅಂದರೆ ಕಿವಿ ಕೊರೆಯುವ ಕೂಗು, ಶುರು. ವಿರಾಜಪೇಟೆ ಕಡೆಯ ಶೀಟ್ ಮಾಡಿನ ಒಂದು ಮದುವೆ ಮಂಟಪದಲ್ಲಿ, ಮರದ ಹಲಗೆಯ ವೇದಿಕೆಯ ಮೇಲೆ, 31 ಬ್ಯಾಂಡಿನ ಗ್ರಾಫಿಕ್ ಈಕ್ವಲೈಜರ್ ಇಟ್ಟುಕೊಂಡು ಇದನ್ನು ಹೇಗೆ ಸರಿ ಮಾಡಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೈಕ್ ಹಿಡಿದ ಸದ್ದು ಮಾನಿಟರ್‌ನಿಂದ ಹೊರಬಂದು ಮತ್ತೆ ಅದೇ ಮೈಕಿಗೆ ಹೋಗುತ್ತದೆ. ಒಂದು ಸುತ್ತು ಮುಗಿಸಿ ಬಂದ ಸದ್ದು ಹೊರಟಾಗಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿದ್ದು ತಾಳವೂ ಕೂಡಿಬಂದರೆ ಕೂಗು ಹುಟ್ಟುತ್ತದೆ. ಎಲ್ಲ ಸ್ವರಗಳಲ್ಲೂ ಒಟ್ಟಿಗೆ ಹೀಗಾಗುವುದಿಲ್ಲ. ಮೈಕ್, ಬಾಕ್ಸ್, ಜಾಗ ಈ ಮೂರೂ ಸೇರಿ ಕೆಲವು ಸ್ವರಗಳನ್ನು ಉಳಿದವಕ್ಕಿಂತ ಎತ್ತಿ ಹಿಡಿದಿರುತ್ತವೆ, ಮೊದಲು ಕೂಗುವುದು ಅವೇ. ಎದ್ದು ನಿಂತ ಆ ನಾಲ್ಕೈದು ತಲೆಗಳನ್ನು ತಗ್ಗಿಸುವುದಷ್ಟೇ ಈಕ್ವಲೈಜರ್‌ನ ಕೆಲಸ. ಇದರಿಂದ 5ರಿಂದ 7 ಡಿಬಿ ಲಾಭ ಸಿಕ್ಕರೆ ಚೆನ್ನಾಗಿ ಆಯಿತು ಎಂದರ್ಥ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಮೈಕ್ ಮತ್ತು ಬಾಕ್ಸ್ ಇಟ್ಟ ಜಾಗದಿಂದಲೇ ಪಡೆಯಬೇಕು. ಆದ್ದರಿಂದ ಸ್ಲೈಡರ್ ಮುಟ್ಟುವ ಮೊದಲು ನಾನು ವೇದಿಕೆಯ ಮೇಲೆ ಸಾಕಷ್ಟು ಹೊತ್ತು ಕಳೆಯುತ್ತೇನೆ.

ನಾಲ್ವರಿಗೆ ಎರಡೇ ಮೈಕ್ ಸಾಕು, ಆನ್ ಇರುವ ಮೈಕ್ ಅರ್ಧಕ್ಕೆ ಇಳಿದರೆ 3 ಡಿಬಿ ಉಳಿಯುತ್ತದೆ ಎಂಬ ವಾದವಿದೆ. ಲೆಕ್ಕ ಸರಿ. ಆದರೆ ಇಬ್ಬರ ನಡುವೆ ಒಂದು ಮೈಕ್ ಇಟ್ಟರೆ ಬಾಯಿಯಿಂದ ಮೈಕಿಗೆ ದೂರ ದುಪ್ಪಟ್ಟಾಗುತ್ತದೆ, ಸ್ವರ 6 ಡಿಬಿ ಕಡಿಮೆ ಬರುತ್ತದೆ. 3 ಉಳಿಸಲು ಹೋಗಿ 6 ಕಳೆದುಕೊಂಡ ಹಾಗೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಮೈಕ್, ಬಾಯಿಯಿಂದ ನಾಲ್ಕು ಬೆರಳಿನಷ್ಟು ದೂರ.

ಮೈಕಿನ ಕೋನ ಇನ್ನೂ ಮುಖ್ಯ. ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿಗೆ ನೇರ ಹಿಂದಿನಿಂದ, ಅಂದರೆ ಕೇಬಲ್ ಸಿಕ್ಕಿಸುವ ಬಾಲದ ಕಡೆಯಿಂದ, ಬಂದ ಸದ್ದು ಅತಿ ಕಡಿಮೆ ಕೇಳುತ್ತದೆ. ಬಾಕ್ಸ್ ನೆಲದ ಮೇಲಿರುವಾಗ ಮೈಕನ್ನು ನೆಲಕ್ಕೆ ಸಮನಾಗಿ ಮಲಗಿಸಿಟ್ಟರೆ ಬಾಲ ಸಭಿಕರನ್ನು ನೋಡುತ್ತದೆಯೇ ಹೊರತು ಬಾಕ್ಸನ್ನಲ್ಲ. ತಲೆ ಮೇಲಕ್ಕೆ, ಬಾಲ ಕೆಳಕ್ಕೆ ಬರುವಂತೆ ಓರೆ ಮಾಡಬೇಕು. ನಾನು ಬಾಕ್ಸಿನ ಹಾರ್ನ್ ಹತ್ತಿರ ಕೂತು ಮೇಲೆ ನೋಡುತ್ತೇನೆ. ಕೇಬಲ್ ಕನೆಕ್ಟರ್‌ನ ಹಿಂಬದಿ ಮಾತ್ರ ಕಂಡು ಮೈಕಿನ ಜಾಲರಿ ಅದರ ಹಿಂದೆ ಮರೆಯಾದರೆ ಕೋನ ಸರಿಯಿದೆ. ಇಲ್ಲಿ ಎರಡು ಬಾಕ್ಸ್ ಇದ್ದವು. ಒಂದೊಂದನ್ನು ಇಬ್ಬರ ನಡುವೆ ಇಟ್ಟು, ಪ್ರತಿ ಮೈಕಿನ ಬಾಲವನ್ನು ಅದರದರ ಬಾಕ್ಸಿನ ಕಡೆ ಸ್ವಲ್ಪ ತಿರುಗಿಸಿದೆ. ಸೂಪರ್‌ಕಾರ್ಡಿಯಾಯ್ಡ್ ಮೈಕಾದರೆ ಲೆಕ್ಕ ಬೇರೆ. ಅದು ನೇರ ಹಿಂದಿನಿಂದ ಸ್ವಲ್ಪ ಹಿಡಿಯುತ್ತದೆ, ಸುಮಾರು 125 ಡಿಗ್ರಿಯ ಓರೆಯಲ್ಲಿ ಕಿವುಡಾಗಿರುತ್ತದೆ. ಅದಕ್ಕೆ ಬಾಕ್ಸನ್ನು ಎದುರಿಗಿಡದೆ ಓರೆಯಾಗಿ ಪಕ್ಕಕ್ಕಿಡಬೇಕು.

ಇನ್ನು ವೈರಿಂಗ್. ಗ್ರಾಫಿಕ್ ಈಕ್ವಲೈಜರ್ ಮಿಕ್ಸರ್‌ನ ಮಾನಿಟರ್ ಆಕ್ಸ್ ಔಟ್ ಮತ್ತು ಮಾನಿಟರ್ ಆಂಪ್ಲಿಫೈಯರ್ ನಡುವೆ ಇರಬೇಕು. ಸಭಿಕರ ಕಡೆಯ ಬಾಕ್ಸ್‌ಗಳ ಮೇನ್‌ಗೆ ಸೇರಿಸಿದರೆ ಸಭಿಕರಿಗೆ ಕೇಳುವ ಸ್ವರ ಹಾಳಾಗುತ್ತದೆ, ಮಾನಿಟರ್ ಕೂಗುತ್ತಲೇ ಇರುತ್ತದೆ. ಆಕ್ಸ್ ಪ್ರೀ-ಫೇಡರ್ ಇದೆಯೇ ಎಂದು ನೋಡಿಕೊಳ್ಳಿ. ಪೋಸ್ಟ್‌ನಲ್ಲಿದ್ದರೆ ಹಾಡಿನ ನಡುವೆ ಸಭಿಕರಿಗಾಗಿ ಫೇಡರ್ ಎತ್ತಿದಾಗಲೆಲ್ಲ ಮಾನಿಟರ್ ಕೂಡ ಏರಿ, ಬೆಳಿಗ್ಗೆಯಿಂದ ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಸ್ಲೈಡರ್‌ಗಳ ವ್ಯಾಪ್ತಿ 6 ಡಿಬಿಯೋ 12 ಡಿಬಿಯೋ ಎಂದು ಬದಲಿಸುವ ಗುಂಡಿ ಇದ್ದರೆ ಅದನ್ನೂ ನೋಡಿ, ಗುಂಡಿ ಬದಲಾದರೆ ಅದೇ ಗೀಟಿನ ಅರ್ಥವೇ ಬದಲಾಗುತ್ತದೆ. ನಮ್ಮ ಕಡೆಗೆ ಇನ್ನೊಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಸ್ಲೈಡರ್‌ಗಳ ಒಳಗೂ ಇಳಿದು ಕಿಲುಬು ಹಿಡಿಸುತ್ತದೆ. ಮಳೆಗಾಲ ಕಳೆದ ಮೇಲೆ ಮೊದಲ ಕಾರ್ಯಕ್ರಮಕ್ಕೆ ಮುಂಚೆ, ಆಂಪ್ಲಿಫೈಯರ್ ಆಫ್ ಇರುವಾಗ, ಒಂದೊಂದು ಸ್ಲೈಡರನ್ನೂ ಮೇಲಿಂದ ಕೆಳಗೆ ಹತ್ತು ಸಲ ಓಡಿಸುತ್ತೇನೆ. ಕರಕರ ಸದ್ದು ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಬೇಕು.

ಎಲ್ಲ ಸ್ಲೈಡರ್ ಸೊನ್ನೆಯಲ್ಲಿ, ನಾಲ್ಕೂ ಚಾನೆಲ್‌ನಲ್ಲಿ 100 ಹರ್ಟ್ಸ್ ಲೋ-ಕಟ್ ಆನ್. ಗಾಯಕರಿಂದ ನಿಜವಾದ ದನಿಯಲ್ಲೇ ಹಾಡಿಸಿ ಗೇನ್ ಇಡಬೇಕು, "ಹಲೋ ಚೆಕ್" ಅಂದ ಮೆಲುದನಿಗೆ ಇಟ್ಟ ಗೇನ್ ಆಮೇಲೆ ಬದಲಾಗುತ್ತದೆ, ಅದರೊಂದಿಗೆ ಉಳಿದ ಲೆಕ್ಕವೂ. ಆ ನಂತರ ಅವರನ್ನು ವೇದಿಕೆಯಿಂದ ಇಳಿಸಿ, ಮೇನ್ ಬಂದ್ ಮಾಡಿ, ನಾಲ್ಕೂ ಮೈಕ್ ಆನ್ ಇಟ್ಟು ಆಕ್ಸ್ ಮಾಸ್ಟರನ್ನು ಒಂದೊಂದೇ ಡಿಬಿ ಏರಿಸುತ್ತಾ ಹೋದೆ. ಇನ್ನೊಂದು ಬೆರಳು ಮ್ಯೂಟ್ ಮೇಲೆಯೇ ಇರಬೇಕು. ಕೂಗು ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟರೆ ಹಾರ್ನ್ ಸುಡಬಹುದು, ಕಿವಿಗೂ ಪೆಟ್ಟು. ಬೇಕಾದದ್ದು ಸಣ್ಣದಾಗಿ ಹುಟ್ಟಿ ಸಾಯುವ ಗುಂಯ್ ಎಂಬ ಎಳೆ ಮಾತ್ರ. ಮೈಕಿನ ಹತ್ತಿರ ಒಮ್ಮೆ ಚಪ್ಪಾಳೆ ತಟ್ಟಿದರೆ ಆ ಎಳೆ ಬಾಲದಂತೆ ಹಿಂದೆ ಬರುತ್ತದೆ.

ಆಕ್ಸ್ ಮೈನಸ್ 12ರಲ್ಲಿ ಮೊದಲ ಎಳೆ ಬಂತು. ಫೋನಿನ ಸ್ಪೆಕ್ಟ್ರಮ್ ಆ್ಯಪ್ 2,400 ಹರ್ಟ್ಸ್ ಸುತ್ತ ತೋರಿಸಿತು. 2.5 ಕಿಲೋಹರ್ಟ್ಸ್ ಸ್ಲೈಡರ್ ಸುಮಾರು 2,230ರಿಂದ 2,810ರವರೆಗಿನದನ್ನು ನೋಡಿಕೊಳ್ಳುವುದರಿಂದ ಅದನ್ನೇ 3 ಡಿಬಿ ಇಳಿಸಿದೆ. ಎಳೆ ಸತ್ತಿತು. ಆ್ಯಪ್ ಇಲ್ಲದಿದ್ದರೆ ಬಾಯಲ್ಲೇ ಅಳೆಯಬಹುದು: 250 ಹತ್ತಿರ 'ಊ' ಇದ್ದಂತೆ, 500 'ಓ', 1 ಕಿಲೋ 'ಆ', 4 ಕಿಲೋ 'ಈ'. ಅನುಮಾನವಿದ್ದರೆ ಸಂಶಯದ ಸ್ಲೈಡರನ್ನು 2 ಡಿಬಿ ಮೇಲಕ್ಕೆ ಎತ್ತಿ, ಅದೇ ಆಗಿದ್ದರೆ ತಕ್ಷಣ ಕೂಗುತ್ತದೆ. ಹೀಗೆ ಮಾಡುವಾಗ ಮೊದಲು ಆಕ್ಸ್ 2 ಡಿಬಿ ಇಳಿಸಿರಬೇಕು. ಎರಡು ಬ್ಯಾಂಡಿನ ನಡುವಿನ ಗಡಿಯಲ್ಲಿ ಕೂಗಿದರೆ, ಉದಾಹರಣೆಗೆ 2,230ರ ಹತ್ತಿರ, ಒಂದನ್ನೇ ಆಳಕ್ಕೆ ಎಳೆಯುವ ಬದಲು 2 ಮತ್ತು 2.5 ಎರಡನ್ನೂ 2 ಡಿಬಿಯಷ್ಟು ಇಳಿಸುವುದು ಲೇಸು.

ಮುಂದೆ ಮೈನಸ್ 10ರಲ್ಲಿ 630 ಬಂತು, 3 ಇಳಿಸಿದೆ. ಮೈನಸ್ 9ರಲ್ಲಿ 2.5 ಮತ್ತೆ ತಲೆಯೆತ್ತಿತು, ಅದನ್ನು ಒಟ್ಟು 6ಕ್ಕೆ ಇಳಿಸಿದೆ. ಮೈನಸ್ 7ರಲ್ಲಿ ದಪ್ಪ 'ಊ', 250 ಹರ್ಟ್ಸ್, 3 ಇಳಿಸಿದೆ. ಬಾಕ್ಸ್ ಕೆಳಗಿನ ಹಲಗೆ ನಡುಗಿ ಸ್ಟ್ಯಾಂಡಿನ ಮೂಲಕವೂ ಸದ್ದು ಮೈಕಿಗೆ ಏರುತ್ತಿದ್ದುದರಿಂದ ಬಾಕ್ಸಿನಡಿ ಮಡಚಿದ ಗೋಣಿ ಹಾಸಿಸಿದೆ. ಮೈನಸ್ 6ರಲ್ಲಿ 4 ಕಿಲೋ, 3 ಇಳಿಕೆ. ಮೈನಸ್ 5ಕ್ಕೆ ಬಂದಾಗ 630, 1.6 ಮತ್ತು 3.15 ಹೆಚ್ಚುಕಡಿಮೆ ಒಟ್ಟಿಗೇ ಕೂಗಿದವು. ಅಲ್ಲಿಗೆ ನಿಲ್ಲಿಸಿದೆ.

ಈ ನಿಲ್ಲಿಸುವ ಗುರುತು ಗೊತ್ತಿಲ್ಲದೆಯೇ ಹೆಚ್ಚಿನವರು ಎಡವುವುದು. ಮೂರು ನಾಲ್ಕು ಸ್ವರ ಒಮ್ಮೆಗೇ ಕೂಗಿದರೆ ಎದ್ದ ತಲೆಗಳು ಮುಗಿದು ನೆಲ ಸಮವಾಗಿದೆ ಎಂದರ್ಥ. ಅಲ್ಲಿಂದ ಮುಂದೆ ಇಳಿಸುವ ಪ್ರತಿ ಸ್ಲೈಡರ್ ಒಟ್ಟು ಸದ್ದನ್ನೇ ಇಳಿಸುತ್ತದೆ. ಅಕ್ಕಪಕ್ಕದ ಬ್ಯಾಂಡ್‌ಗಳು ಒಂದರೊಳಗೊಂದು ಹಾಸುಹೊಕ್ಕಾಗಿರುವುದರಿಂದ ಹತ್ತು ಸ್ಲೈಡರ್ ಎಳೆದರೆ ಹತ್ತು ಸಣ್ಣ ಗುಳಿಯಲ್ಲ, ಒಂದು ದೊಡ್ಡ ಹೊಂಡವಾಗುತ್ತದೆ. ಅದರಲ್ಲೂ 2ರಿಂದ 4 ಕಿಲೋ ನಡುವೆ ಅಕ್ಷರ ಸ್ಪಷ್ಟವಾಗುವ ಜಾಗ. ಅದನ್ನು ಕೊರೆದರೆ ಗಾಯಕರಿಗೆ ಸ್ವರ ಮಂಕಾಗಿ ಕೇಳಿ ಇನ್ನೂ ಜಾಸ್ತಿ ಮಾಡಿ ಅನ್ನುತ್ತಾರೆ, ಗಳಿಸಿದ್ದು ಅಲ್ಲಿಯೇ ಖರ್ಚಾಗುತ್ತದೆ. ಇಲ್ಲಿ ನಾಲ್ಕೇ ಸ್ಲೈಡರ್ ಕೆಳಗಿದ್ದವು, ಮೈನಸ್ 12ರಿಂದ ಮೈನಸ್ 5ಕ್ಕೆ 7 ಡಿಬಿ ಸಿಕ್ಕಿತು.

ಕೂಗಿನ ಅಂಚಿನಲ್ಲಿಯೇ ಕಾರ್ಯಕ್ರಮ ನಡೆಸಲಾಗದು. ಅಂಚಿಗೆ ಹತ್ತಿರವಿದ್ದರೆ ಕೂಗದಿದ್ದರೂ ಪ್ರತಿ ಪದದ ಹಿಂದೆ ಲೋಹದ ಗುಂಯ್ ಅಂಟಿಕೊಳ್ಳುತ್ತದೆ. ಆಕ್ಸನ್ನು 5 ಡಿಬಿ ಹಿಂದಕ್ಕೆ, ಮೈನಸ್ 10ಕ್ಕೆ ತಂದು, ಮೇನ್ ಆನ್ ಮಾಡಿಸಿ ಗಾಯಕರನ್ನು ಮತ್ತೆ ಕರೆದೆ. ಮೇನ್ ಬಂದಾಗ ಅದರ ಹಿಂಬದಿಯಿಂದ ಸೋರುವ ದಪ್ಪ ಸದ್ದು ವೇದಿಕೆಯಲ್ಲಿ ತುಂಬುತ್ತದೆ. 200ರ ಸುತ್ತ ಗುಮ್ಮೆಂದರೆ ಮಾನಿಟರ್‌ನ 200ನ್ನು 2 ಡಿಬಿ ಇಳಿಸಿದರೆ ಸಾಕು, ಸಭಿಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಿರೂಪಕರ ಕಾರ್ಡ್‌ಲೆಸ್ ಮೈಕನ್ನು ಈ ಮಾನಿಟರ್‌ಗೆ ಕೊಡಲೇ ಇಲ್ಲ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಕಾರ್ಡಿಯಾಯ್ಡ್ ಮೈಕ್ ಎಲ್ಲ ಕಡೆಯಿಂದಲೂ ಹಿಡಿಯತೊಡಗುತ್ತದೆ, ಅದಕ್ಕೆ ಯಾವ ಸ್ಲೈಡರ್ ಕೂಡ ಮದ್ದಲ್ಲ.

ಆ 5 ಡಿಬಿ ಕಾದಿಟ್ಟುಕೊಳ್ಳಲು ನಮ್ಮೂರಿನ ಕಾರಣಗಳೂ ಇವೆ. ಶೀಟಿನ ಮೇಲೆ ಮಳೆ ಬಿದ್ದರೆ ಗಾಯಕರು ಖಂಡಿತ ಇನ್ನಷ್ಟು ಕೇಳುತ್ತಾರೆ, ಕೊಡಲು ಕೈಯಲ್ಲಿ 2 ಡಿಬಿ ಇರಬೇಕು. ಇನ್ನೊಂದು ಚಳಿ. ಮಧ್ಯಾಹ್ನ 28 ಡಿಗ್ರಿಯಲ್ಲಿ ಹೊಂದಿಸಿದ್ದು ರಾತ್ರಿ 16ಕ್ಕೆ ಇಳಿದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 348 ಮೀಟರ್‌ನಿಂದ 341ಕ್ಕೆ ಬರುತ್ತದೆ. ದೂರವನ್ನು ಅವಲಂಬಿಸಿದ ಕೂಗುಗಳು ಇದರಿಂದ ಶೇಕಡಾ 2ರಷ್ಟು ಕೆಳಕ್ಕೆ ಜರುಗುತ್ತವೆ. 2,400ರದ್ದು 2,350ಕ್ಕೆ ಬಂದರೂ 2.5ರ ಸ್ಲೈಡರ್ ಒಳಗೇ ಇರುತ್ತದೆ. ಸೂಜಿಯಷ್ಟು ಕಿರಿದಾಗಿ ಕತ್ತರಿಸುವ ಆಟೋಮ್ಯಾಟಿಕ್ ಯಂತ್ರದಲ್ಲಿ ಮಧ್ಯಾಹ್ನ ಹಾಕಿದ ಗುಳಿ ರಾತ್ರಿಗೆ ಪಕ್ಕಕ್ಕೆ ತಪ್ಪಿರಬಹುದು. ಅಗಲವಾದ ಗ್ರಾಫಿಕ್ ಬ್ಯಾಂಡ್ ನನಗೆ ಇಷ್ಟವಾಗಲು ಇದೂ ಒಂದು ಕಾರಣ.

ಕಾರ್ಯಕ್ರಮದ ನಡುವೆ ಕೂಗಿದರೆ ಕೈ ಈಕ್ವಲೈಜರ್ ಕಡೆ ಓಡಬಾರದು. ಮೊದಲು ವೇದಿಕೆ ನೋಡುತ್ತೇನೆ, ಹೆಚ್ಚಿನ ಸಲ ಯಾವುದೋ ಸ್ಟ್ಯಾಂಡಿನ ಕ್ಲಿಪ್ ಸಡಿಲಾಗಿ ಮೈಕಿನ ತಲೆ ಬಾಕ್ಸಿನ ಕಡೆ ಬಾಗಿರುತ್ತದೆ. ಆಕ್ಸ್ 2 ಡಿಬಿ ಇಳಿಸಿ, ಮೈಕ್ ಸರಿಪಡಿಸಿ ಬರಲು ಒಬ್ಬರನ್ನು ಕಳಿಸಿ, ಸರಿಯಾದ ಮೇಲೆ ಆ 2 ಡಿಬಿ ವಾಪಸ್ ಕೊಡುತ್ತೇನೆ. ಮೈಕ್‌ಗಳೆಲ್ಲ ನೆಟ್ಟಗಿದ್ದೂ ಅದೇ ಸ್ವರ ಮರಳಿ ಬಂದರೆ ಮಾತ್ರ ಸ್ಲೈಡರ್, ಅದೂ 2 ಡಿಬಿ.